ಮೊದಲ ನೌಕರಿಗೊಂದು ಇಂಗ್ಲಿಷ್ ಪತ್ರ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಹಳೆಯ ನೆನಪುಗಳನ್ನು ಬರೆಯುವವರು ಬಹಳ ಮಂದಿ ಇರುವರೆಂದು ನಾನು ಬಲ್ಲೆ. ಆದುದರಿಂದ ನಮ್ಮ ಮಕ್ಕಳಿಗೆ ನಾಳೆಯೇ ಬೇಕಾಗಬಹುದಾದ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ. ಪದವಿ ಮುಗಿಸಿದ ಹುಡುಗ ಅಥವಾ ಹುಡುಗಿ ಮೊದಲ ನೌಕರಿಗಾಗಿ ಇಂಗ್ಲಿಷಿನಲ್ಲಿ ಬರೆಯಬೇಕಾದ ಒಂದು ಪುಟದ ಪತ್ರವೇ ಆ ವಿಷಯ. ಮನೆಯ ಹಿರಿಯರೂ ಓದಲು ಅನುಕೂಲವಾಗಲೆಂದು ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿದ್ದೇನೆ. ಹೀಗೆ ಬರೆಯುವುದರಿಂದ ಇನ್ನೊಂದು ಲಾಭವೂ ಉಂಟು; ಅದನ್ನು ಮುಂದೆ ಹೇಳುತ್ತೇನೆ.

2024ರ ಮೇ ತಿಂಗಳಿನ ಒಂದು ಸಂಜೆ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯೊಡನೆ ಅಕ್ಕಲಕೋಟೆಯ ನಮ್ಮ ಮನೆಗೆ ಬಂದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಸೊಲ್ಲಾಪುರದಲ್ಲಿ ಬಿ.ಕಾಂ. ಮುಗಿಸಿದವಳು. ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿರುವ ಒಂದು ಟೆರ್ರಿ ಟವೆಲ್ ಕಾರ್ಖಾನೆಗೆ ಲೆಕ್ಕಪತ್ರ ಸಹಾಯಕರು ಬೇಕೆಂಬ ಜಾಹೀರಾತನ್ನು ಪತ್ರಿಕೆಯಲ್ಲಿ ನೋಡಿದ್ದಳು. "ಸರ, ಅರ್ಜಿ ಬರದೇನ್ರಿ. ಒಂದಿಷ್ಟ ತಿದ್ದಿ ಕೊಡ್ರಿ" ಎಂದು ಎರಡು ಹಾಳೆಗಳನ್ನು ಕೈಗಿತ್ತಳು.

ಆ ಪತ್ರದ ಮೊದಲ ಸಾಲು ಓದಿದಾಗ ನನಗೆ ನಾಚಿಕೆಯಾಯಿತು. "ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್" ಎಂದು ಅದು ಆರಂಭವಾಗಿತ್ತು. ತಕ್ಕ ಗೌರವದೊಡನೆ ತಮ್ಮಲ್ಲಿ ಬೇಡಿಕೊಂಡು ಅರಿಕೆ ಮಾಡುವುದೇನೆಂದರೆ ಎಂಬುದು ಅದರ ಅರ್ಥ. ಈ ಸಾಲನ್ನು ಅವಳಿಗೆ ಕಲಿಸಿದವನು ನಾನೇ. ಜ್ವರ ಬಂದಿದೆ, ಎರಡು ದಿನ ರಜೆ ಕೊಡಿರೆಂಬ ರಜಾ ಚೀಟಿಗೆ ಕಲಿಸಿದ ಸಾಲದು. ಮೂವತ್ತು ವರ್ಷ ಮಕ್ಕಳಿಂದ ಅದನ್ನು ಬಾಯಿಪಾಠ ಮಾಡಿಸಿದ್ದೇನೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕಗಳೂ ಬಂದಿವೆ.

ಈ ಸಾಲಿನ ದೋಷ ವ್ಯಾಕರಣದಲ್ಲಿ ಇಲ್ಲ, ಅದರ ಹಿಂದಿನ ಕಲ್ಪನೆಯಲ್ಲಿದೆ. ನಾವು ಕನ್ನಡದಲ್ಲಿ ಅರ್ಜಿ ಎನ್ನುತ್ತೇವೆ, ಮರಾಠಿಯಲ್ಲಿ ಅರ್ಜ ಎನ್ನುತ್ತಾರೆ. ಎರಡೂ ಹಳೆಯ ದರ್ಬಾರಿನ ಕಾಲದ ಶಬ್ದಗಳು. ಸರಕಾರದ ಮುಂದೆ ಪ್ರಜೆ ಮಾಡಿಕೊಳ್ಳುವ ಬಿನ್ನಹ ಎಂಬ ಭಾವ ಅವುಗಳಲ್ಲಿದೆ. ಬ್ರಿಟಿಷರ ಕಚೇರಿಗಳಲ್ಲಿ ಅದೇ ಭಾವಕ್ಕೆ "ಬೆಗ್ ಟು ಸ್ಟೇಟ್" ಎಂಬ ಇಂಗ್ಲಿಷ್ ಉಡುಪು ಬಂತು. ಕಾರ್ಖಾನೆಯವರು ಜಾಹೀರಾತು ಕೊಟ್ಟಿರುವುದು ದಾನ ಮಾಡಲಿಕ್ಕಲ್ಲ. ಅವರಿಗೆ ಒಂದು ಕೆಲಸ ಆಗಬೇಕಾಗಿದೆ. ಆ ಕೆಲಸ ಈ ವ್ಯಕ್ತಿಯಿಂದ ಆದೀತೇ ಎಂಬುದೊಂದೇ ಅವರ ಪ್ರಶ್ನೆ. ಪತ್ರವು ಆ ಪ್ರಶ್ನೆಗೆ ಉತ್ತರವಾಗಿರಬೇಕು. ಬೇಡಿಕೆಯ ಮಾತುಗಳಿಂದ ಆ ಉತ್ತರ ದೊರೆಯುವುದಿಲ್ಲ, ಮಾಹಿತಿಯಿಂದ ದೊರೆಯುತ್ತದೆ.

ಮೊದಲು ಅವಳ ಪತ್ರದ ಭಾಷಾದೋಷಗಳನ್ನು ನೋಡೋಣ. ಅವು ಮೂರು ಬಗೆಯವು. ಮೂರೂ ಅಜ್ಞಾನದಿಂದ ಬಂದವಲ್ಲ, ಒಳ್ಳೆಯ ಕನ್ನಡದಿಂದಲೇ ಬಂದವು. ಆದುದರಿಂದಲೇ ಅವನ್ನು ಕನ್ನಡದ ಮೂಲಕ ತಿದ್ದುವುದು ಸುಲಭ.

ಮೊದಲನೆಯದು "ಐ ಆ್ಯಮ್ ಕಂಪ್ಲೀಟೆಡ್ ಮೈ ಬಿ.ಕಾಂ." ಎಂಬ ವಾಕ್ಯ. ಈ "ಆ್ಯಮ್" ಎಲ್ಲಿಂದ ಬಂತು? ಕನ್ನಡದಲ್ಲಿ "ಮುಗಿಸಿದ್ದೇನೆ" ಎನ್ನುತ್ತೇವೆ. ಬಿಡಿಸಿದರೆ ಅದು ಮುಗಿಸಿ ಮತ್ತು ಇದ್ದೇನೆ. ಇದ್ದೇನೆ ಎಂಬುದಕ್ಕೆ ಇಂಗ್ಲಿಷಿನಲ್ಲಿ "ಆ್ಯಮ್" ಎಂದು ಮಗು ಒಂದನೆಯ ತರಗತಿಯಲ್ಲಿಯೇ ಕಲಿತಿದೆ. ಆದುದರಿಂದ ಅದನ್ನೇ ಇಟ್ಟುಬಿಡುತ್ತದೆ. ಮುಗಿದ ಕೆಲಸಕ್ಕೆ ಇಂಗ್ಲಿಷು "ಇರು" ಧಾತುವನ್ನು ಬಳಸದೆ "ಹ್ಯಾವ್" ಎಂಬುದನ್ನು ಬಳಸುತ್ತದೆ: "ಐ ಹ್ಯಾವ್ ಕಂಪ್ಲೀಟೆಡ್". ಅಲ್ಲಿಯೂ ಒಂದು ಎಚ್ಚರಿಕೆ ಬೇಕು. ವಾಕ್ಯದಲ್ಲಿ ಇಸವಿಯನ್ನೋ ತಾರೀಖನ್ನೋ ಹೇಳಿದ ಕೂಡಲೆ "ಹ್ಯಾವ್" ಹೊರಟುಹೋಗಬೇಕು. "ಐ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2023" ಎಂಬುದು ಶುದ್ಧ. ಕನ್ನಡದಲ್ಲಿ "2023ರಲ್ಲಿ ಮುಗಿಸಿದ್ದೇನೆ" ಎಂದರೂ ನಡೆಯುತ್ತದೆ, "ಮುಗಿಸಿದೆ" ಎಂದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಈ ಸಲಿಗೆ ಇಲ್ಲ. ಅದೇ ಪತ್ರದಲ್ಲಿದ್ದ "ಐ ಆ್ಯಮ್ ಹ್ಯಾವಿಂಗ್ ಗುಡ್ ನಾಲೆಜ್ ಆಫ್ ಟ್ಯಾಲಿ" ಎಂಬುದೂ ಇದರ ತಂಗಿಯೇ. "ನನಗೆ ಜ್ಞಾನವಿದೆ" ಎಂಬಲ್ಲಿಯ "ಇದೆ" ಅವಳನ್ನು ದಾರಿ ತಪ್ಪಿಸಿತ್ತು. ಇರುವ ವಸ್ತುವಿಗೆ, ಇರುವ ಜ್ಞಾನಕ್ಕೆ ಬರಿಯ "ಐ ಹ್ಯಾವ್" ಸಾಕು.

ಎರಡನೆಯದು "ಐ ಆ್ಯಮ್ ವರ್ಕಿಂಗ್ ಸಿನ್ಸ್ ಏಯ್ಟ್ ಮಂತ್ಸ್" ಎಂಬುದು. "ಎಂಟು ತಿಂಗಳಿನಿಂದ ಕೆಲಸ ಮಾಡುತ್ತಿದ್ದೇನೆ" ಎಂಬ ಕನ್ನಡ ವಾಕ್ಯದ ಪಡಿಯಚ್ಚು ಇದು. "ಸಪ್ಟೆಂಬರಿನಿಂದ" ಎಂಬಲ್ಲಿಯೂ "ಇಂದ" ಪ್ರತ್ಯಯ, "ಎಂಟು ತಿಂಗಳಿನಿಂದ" ಎಂಬಲ್ಲಿಯೂ ಅದೇ ಪ್ರತ್ಯಯ. ಮರಾಠಿಯ "ಪಾಸೂನ್" ಕೂಡ ಹೀಗೆಯೇ ಎರಡೂ ಕಡೆ ದುಡಿಯುತ್ತದೆ. ಆದುದರಿಂದ ನಮ್ಮ ಗಡಿನಾಡಿನ ಮಕ್ಕಳಿಗೆ ಎರಡು ಭಾಷೆಗಳ ಕಡೆಯಿಂದಲೂ ಈ ತಪ್ಪು ಒದಗಿಬರುತ್ತದೆ. ಇಂಗ್ಲಿಷು ಇವನ್ನು ಬೇರ್ಪಡಿಸುತ್ತದೆ. ಕೆಲಸ ಆರಂಭವಾದ ಗಳಿಗೆಯನ್ನು ಹೇಳಿದರೆ "ಸಿನ್ಸ್", ಕಳೆದ ಕಾಲದ ಅಳತೆಯನ್ನು ಹೇಳಿದರೆ "ಫಾರ್". "ಸಿನ್ಸ್ ಸಪ್ಟೆಂಬರ್", ಆದರೆ "ಫಾರ್ ಏಯ್ಟ್ ಮಂತ್ಸ್". ಪರೀಕ್ಷಿಸುವ ಉಪಾಯ ಸರಳವಾಗಿದೆ. ಆ ಶಬ್ದವನ್ನು ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಬಹುದಾದರೆ "ಸಿನ್ಸ್". ಬೆರಳು ಮಡಿಸಿ ಎಣಿಸಬೇಕಾದರೆ "ಫಾರ್". ಎರಡರಲ್ಲಿ ಯಾವುದು ಬಂದರೂ, ಕೆಲಸ ಇನ್ನೂ ನಡೆದಿದ್ದರೆ "ಐ ಆ್ಯಮ್ ವರ್ಕಿಂಗ್" ಎನ್ನದೆ "ಐ ಹ್ಯಾವ್ ವರ್ಕ್ಡ್" ಎನ್ನಬೇಕು.

ಮೂರನೆಯದು ಕನ್ನಡದಲ್ಲಿ ಇಲ್ಲವೇ ಇಲ್ಲದ ಶಬ್ದಗಳ ತೊಂದರೆ. "ಎ", "ಆ್ಯನ್", "ದ" ಎಂಬ ಮೂರು ಚಿಕ್ಕ ಶಬ್ದಗಳು ನಮ್ಮ ಮಕ್ಕಳನ್ನು ಕಾಡಿದಷ್ಟು ಬೇರೆ ಯಾವುವೂ ಕಾಡಿಲ್ಲ. ಅವಳು "ಇನ್ ವನ್ ಶಾಪ್" ಎಂದು ಬರೆದಿದ್ದಳು, ಏಕೆಂದರೆ ನಾವು "ಒಂದು ಅಂಗಡಿಯಲ್ಲಿ" ಎನ್ನುತ್ತೇವೆ. ಎಣಿಕೆಯ ಉದ್ದೇಶವಿಲ್ಲದ ಈ "ಒಂದು" ಎಂಬುದೇ ಇಂಗ್ಲಿಷಿನ "ಎ". ಓದುವವನಿಗೆ ಇಂಥದೇ ಎಂದು ತಿಳಿದಿದ್ದರೆ "ದ". ಜಾಹೀರಾತಿನಲ್ಲಿ ಹೇಳಿದ ಹುದ್ದೆ ಅವರಿಗೆ ತಿಳಿದದ್ದೇ. ಆದುದರಿಂದ "ದ ಪೋಸ್ಟ್ ಆಫ್ ಅಕೌಂಟ್ಸ್ ಅಸಿಸ್ಟಂಟ್".

"ಎ" ಎಲ್ಲಿ, "ಆ್ಯನ್" ಎಲ್ಲಿ ಎಂಬುದಕ್ಕೆ ನಮ್ಮ ಲಿಪಿಯೇ ನೆರವಾಗುತ್ತದೆ. ನಾನು ಮೊದಲು ಹೇಳಿದ ಲಾಭ ಇದೇ. ಮುಂದೆ ಬರುವ ಇಂಗ್ಲಿಷ್ ಶಬ್ದವನ್ನು ಕನ್ನಡದಲ್ಲಿ ಬರೆಯಿರಿ. ಅದು ಸ್ವರದಿಂದ ಆರಂಭವಾದರೆ "ಆ್ಯನ್", ವ್ಯಂಜನದಿಂದ ಆರಂಭವಾದರೆ "ಎ". "ಅವರ್" ಸ್ವರದಿಂದ ಆರಂಭವಾಗುತ್ತದೆ, ಆದುದರಿಂದ "ಆ್ಯನ್ ಅವರ್". "ಯೂನಿವರ್ಸಿಟಿ" ಯಕಾರದಿಂದ ಆರಂಭವಾಗುತ್ತದೆ, ಆದುದರಿಂದ "ಎ ಯೂನಿವರ್ಸಿಟಿ". ಇಂಗ್ಲಿಷ್ ಅಕ್ಷರಗಳನ್ನು ನೋಡಿ ನಿರ್ಧರಿಸುವವನು ಈ ಎರಡರಲ್ಲಿಯೂ ಎಡವುತ್ತಾನೆ. ಕನ್ನಡ ಅಕ್ಷರಗಳನ್ನು ನೋಡುವವನು ಎಡವುವುದಿಲ್ಲ. ಬಿ.ಕಾಂ.ಗೆ "ಎ", ಎಂ.ಕಾಂ.ಗೆ "ಆ್ಯನ್". ಒಂದು ಅಪವಾದವನ್ನು ಮಾತ್ರ ಹೇಳಬೇಕು. ಆಡುಮಾತಿನಲ್ಲಿ ನಾವು ಎಕಾರದ ಹಿಂದೆ ಯಕಾರವನ್ನು ಸೇರಿಸಿ "ಯೆಂ.ಕಾಂ." ಎಂದುಬಿಡುತ್ತೇವೆ. ಹಾಗೆ ಉಚ್ಚರಿಸಿದರೆ ಪರೀಕ್ಷೆ ಕೆಟ್ಟುಹೋಗುತ್ತದೆ. ಪುಸ್ತಕದಲ್ಲಿ ಬರೆಯುವ ಹಾಗೆ "ಎಂ" ಎಂದೇ ಬರೆದುಕೊಳ್ಳಬೇಕು.

ಈ ಮೂರನ್ನು ತಿದ್ದಿದ ಮೇಲೂ ಆ ಪತ್ರ ಒಳ್ಳೆಯ ಪತ್ರವಾಗಲಿಲ್ಲ. ಉಳಿದದ್ದರಲ್ಲಿ ಬಹುಪಾಲು ತುಂಬಿಕೊಂಡಿದ್ದುದು "ಹಾರ್ಡ್‌ವರ್ಕಿಂಗ್", "ಸಿನ್ಸಿಯರ್", "ಡೈನಾಮಿಕ್" ಎಂಬ ಮಾತುಗಳು. ಶ್ರಮಜೀವಿ, ಪ್ರಾಮಾಣಿಕ, ಚೈತನ್ಯಶೀಲ ಎಂದರ್ಥ. ಇವನ್ನು ಗೆಳತಿಯ ಪತ್ರದಿಂದ ಇಳಿಸಿಕೊಂಡೆನೆಂದು ಅವಳೇ ಒಪ್ಪಿದಳು. ಆ ಗೆಳತಿ ಮತ್ತಾರದೋ ಪತ್ರದಿಂದ ಇಳಿಸಿಕೊಂಡಿರಬೇಕು. ನೂರು ಪತ್ರಗಳಲ್ಲಿ ನೂರರಲ್ಲಿಯೂ ಇರುವ ಮಾತು ಒಬ್ಬರ ವಿಷಯದಲ್ಲಿಯೂ ಏನನ್ನೂ ಹೇಳುವುದಿಲ್ಲ.

"ಎಂಟ ತಿಂಗಳಿಂದ ಅಂಗಡ್ಯಾಗ ಏನ್ ಮಾಡತಿ, ತಂಗಿ?" ಎಂದು ಕೇಳಿದೆ.

"ಅದೇನ್ ದೊಡ್ಡದಲ್ರೀ ಸರ. ನಮ್ಮ ಸೋದರಮಾವನ ಹಾರ್ಡ್‌ವೇರ್ ಅಂಗಡಿ. ಬಿಲ್ ಬರಿತೀನ್ರಿ ಅಷ್ಟ."

ದಿನಕ್ಕೆ ಎಷ್ಟು ಬಿಲ್ಲು, ಎಲ್ಲಿ ಬರೆಯುತ್ತೀ, ತಿಂಗಳ ಕೊನೆಗೆ ಏನಾಗುತ್ತದೆ ಎಂದು ಒಂದೊಂದಾಗಿ ಕೇಳಿದೆ. ದಿನಕ್ಕೆ ಸುಮಾರು ಮೂವತ್ತು ಬಿಲ್ಲುಗಳನ್ನು ಗಣಕದಲ್ಲಿ ಟ್ಯಾಲಿಗೆ ಏರಿಸುತ್ತಿದ್ದಳು. ಆ ಅಂಗಡಿಯವರು ಜಿ.ಎಸ್.ಟಿ.ಯ ಮಾರಾಟದ ವಿವರವನ್ನು ತಿಂಗಳಿಗೊಮ್ಮೆ ಸಲ್ಲಿಸುವವರು; ಅಂಥವರ ವಿವರ ಮುಂದಿನ ತಿಂಗಳ 11ನೆಯ ತಾರೀಖಿನೊಳಗೆ ಹೋಗಬೇಕು. ಆ ಪಟ್ಟಿಯನ್ನು ಸಿದ್ಧಪಡಿಸಿ ಕರ ಸಲಹೆಗಾರರಿಗೆ ಕೊಡುವವಳು ಇವಳೇ. ಅವರು ತುಂಬಿದ ಅಂಕಿಗಳನ್ನು ಬಿಲ್ಲುಗಳೊಡನೆ ತಾಳೆ ನೋಡುವವಳೂ ಇವಳೇ. ಎಂಟು ತಿಂಗಳಲ್ಲಿ ಎಂಟು ಬಾರಿ ಈ ಕೆಲಸ ನಡೆದಿದೆ. ಕಾರ್ಖಾನೆಗೆ ಬೇಕಾಗಿದ್ದುದು ಇಂಥ ಕೆಲಸ ಬಲ್ಲವರೇ. ಮನೆಯ ಅಂಗಡಿ, ಸಂಬಳದ ಚೀಟಿ ಇಲ್ಲ, ಅದನ್ನೇನು ಬರೆಯುವುದೆಂದು ಅವಳು ಅದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದಳು.

ಮಾವನ ಅಂಗಡಿ ಎಂಬುದನ್ನು ಮುಚ್ಚಿಡಬಾರದು; ಸಂದರ್ಶನದಲ್ಲಿ ಕೇಳಿಯೇ ಕೇಳುತ್ತಾರೆ. ಜಿ.ಎಸ್.ಟಿ. ವಿವರವನ್ನು ಸ್ವತಃ ಸಲ್ಲಿಸಿದ್ದೀಯಾ ಎಂದು ಕೇಳಿದೆ. ಇಲ್ಲವೆಂದಳು. ಹಾಗಾದರೆ ಅದನ್ನೂ ಬರೆಯಬೇಕೆಂದೆ. ತಂದೆಗೆ ಇದು ಸರಿದೋರಲಿಲ್ಲ. "ಬರದಿದ್ದು ಯಾಕ ಬರೀಬೇಕ್ರಿ ಗುರುಗಳ?" ಎಂದರು. ಮಾಡಿದ್ದು ಯಾವುದು, ಮಾಡದೇ ಇದ್ದದ್ದು ಯಾವುದು ಎಂಬ ಗೆರೆಯನ್ನು ತಾನೇ ಎಳೆದು ತೋರಿಸಿದವರ ಉಳಿದ ಮಾತನ್ನು ಲೆಕ್ಕ ಬಲ್ಲ ಮನುಷ್ಯ ನಂಬುತ್ತಾನೆ ಎಂದು ಹೇಳಿದೆ.

ಮತ್ತೊಂದು ಪ್ರಶ್ನೆಯನ್ನು ಹುಡುಗಿ ತಲೆ ತಗ್ಗಿಸಿ ಕೇಳಿದಳು: "ಸರ, ಕನ್ನಡ ಮೀಡಿಯಮ್ ಅಂತ ಬರೀಬೇಕೇನ್ರಿ? ಬರದ್ರ ಕರಿಯೂದಿಲ್ಲ ಅಂತಾರ್ರಿ." ಈ ಪ್ರಶ್ನೆ ನಮ್ಮ ಅನೇಕ ಮನೆಗಳಲ್ಲಿದೆ. ಪತ್ರದಲ್ಲಿ ಮಾಧ್ಯಮಕ್ಕೆ ಸ್ಥಾನವೇ ಇಲ್ಲ. ಬರೆಯುವ ಅಗತ್ಯವೂ ಇಲ್ಲ, ಅಡಗಿಸುವ ಅಗತ್ಯವೂ ಇಲ್ಲ. ಶಾಲೆಯ ಹೆಸರು ಸ್ವವಿವರದಲ್ಲಿ ಹೇಗೂ ಬರುತ್ತದೆ. ಪತ್ರದಲ್ಲಿ ಬರಬೇಕಾದದ್ದು ತಾನು ಯಾವ ಭಾಷೆಗಳನ್ನು ಓದಿ ಬರೆಯಬಲ್ಲೆ ಎಂಬ ಒಂದು ಸಾಲು. ಸೊಲ್ಲಾಪುರದ ಜವಳಿ ಕಾರ್ಖಾನೆಯ ಸ್ಥಿತಿ ನಿಮಗೆ ಗೊತ್ತೇ ಇದೆ. ಮಗ್ಗದ ಮೇಲೆ ತೆಲುಗು, ಕಚೇರಿಯಲ್ಲಿ ಮರಾಠಿ, ವಿಜಯಪುರ ಕಲಬುರ್ಗಿಗಳ ವ್ಯಾಪಾರಿಯ ಫೋನು ಬಂದರೆ ಕನ್ನಡ. ಬಾಕಿ ಹಣವನ್ನು ಆ ವ್ಯಾಪಾರಿಯ ಭಾಷೆಯಲ್ಲಿಯೇ ಕೇಳಬಲ್ಲ ಲೆಕ್ಕಪತ್ರ ಸಹಾಯಕಳು ಕಾರ್ಖಾನೆಗೆ ಉಪಯೋಗವೇ.

ಅನಂತರ ಅವಳ ಕೈಯಿಂದಲೇ ಹೊಸ ಪತ್ರ ಬರೆಸಿದೆ. ಅದು ಹೀಗಿದೆ:

"ಡಿಯರ್ ಸರ್ ಆರ್ ಮ್ಯಾಡಮ್,

ಐ ಆ್ಯಮ್ ಅಪ್ಲೈಯಿಂಗ್ ಫಾರ್ ದ ಪೋಸ್ಟ್ ಆಫ್ ಅಕೌಂಟ್ಸ್ ಅಸಿಸ್ಟಂಟ್, ವಿಚ್ ಯೂ ಅಡ್ವರ್ಟೈಸ್ಡ್ ಇನ್ ದ ನ್ಯೂಸ್‌ಪೇಪರ್ ಆನ್ 12 ಮೇ.

ಐ ಕಂಪ್ಲೀಟೆಡ್ ಮೈ ಬಿ.ಕಾಂ. ಇನ್ 2023 ವಿತ್ 61 ಪರ್ ಸೆಂಟ್ ಮಾರ್ಕ್ಸ್. ಐ ಹ್ಯಾವ್ ಆಲ್ಸೋ ಪಾಸ್ಡ್ ದ ಎಂ.ಎಸ್.-ಸಿ.ಐ.ಟಿ. ಎಕ್ಸಾಮಿನೇಶನ್.

ಐ ಹ್ಯಾವ್ ವರ್ಕ್ಡ್ ಇನ್ ಮೈ ಅಂಕಲ್ಸ್ ಹಾರ್ಡ್‌ವೇರ್ ಶಾಪ್ ಇನ್ ಅಕ್ಕಲಕೋಟ ಫಾರ್ ಏಯ್ಟ್ ಮಂತ್ಸ್. ಐ ಎಂಟರ್ ಅಬೌಟ್ ಥರ್ಟಿ ಬಿಲ್ಸ್ ಎ ಡೇ ಇನ್ ಟ್ಯಾಲಿ. ಎವ್ರಿ ಮಂತ್ ಐ ಪ್ರಿಪೇರ್ ದ ಲಿಸ್ಟ್ ಆಫ್ ಸೇಲ್ಸ್ ಫಾರ್ ಅವರ್ ಟ್ಯಾಕ್ಸ್ ಕನ್ಸಲ್ಟಂಟ್ ಬಿಫೋರ್ ದ ಇಲೆವೆಂತ್. ಐ ಹ್ಯಾವ್ ನಾಟ್ ಫೈಲ್ಡ್ ಎ ಜಿ.ಎಸ್.ಟಿ. ರಿಟರ್ನ್ ಬೈ ಮೈಸೆಲ್ಫ್, ಬಟ್ ಐ ಹ್ಯಾವ್ ಚೆಕ್ಡ್ ದ ಫಿಗರ್ಸ್ ಫಾರ್ ಏಯ್ಟ್ ರಿಟರ್ನ್ಸ್.

ಐ ರೀಡ್ ಆ್ಯಂಡ್ ರೈಟ್ ಕನ್ನಡ, ಮರಾಠಿ, ಹಿಂದಿ ಆ್ಯಂಡ್ ಇಂಗ್ಲಿಷ್.

ಐ ಲಿವ್ ಇನ್ ಅಕ್ಕಲಕೋಟ ಆ್ಯಂಡ್ ಕ್ಯಾನ್ ಟ್ರಾವೆಲ್ ಟು ಸೋಲಾಪುರ್ ಎವ್ರಿ ಡೇ. ಐ ಕ್ಯಾನ್ ಜಾಯ್ನ್ ಅಟ್ ವನ್ಸ್. ಮೈ ರೆಸ್ಯೂಮೆ ಆ್ಯಂಡ್ ಮಾರ್ಕ್‌ಶೀಟ್ ಆರ್ ಅಟ್ಯಾಚ್ಡ್. ಐ ಶಲ್ ಬಿ ಗ್ಲಾಡ್ ಟು ಕಮ್ ಫಾರ್ ಆ್ಯನ್ ಇಂಟರ್‌ವ್ಯೂ.

ಯುವರ್ಸ್ ಫೇತ್‌ಫುಲಿ,"

ಇದರ ಕೆಳಗೆ ಹೆಸರು ಮತ್ತು ಫೋನ್ ಸಂಖ್ಯೆ. ಇಡೀ ಪತ್ರದಲ್ಲಿ ಸುಮಾರು 135 ಶಬ್ದಗಳಿವೆ. ಯಾವ ವಾಕ್ಯವೂ ಇಪ್ಪತ್ತು ಶಬ್ದಗಳನ್ನು ದಾಟಿಲ್ಲ. ಬಹುಪಾಲು ವಾಕ್ಯಗಳಲ್ಲಿ ಒಂದೇ ಕ್ರಿಯಾಪದವಿದೆ. ವಾಕ್ಯ ಚಿಕ್ಕದಾದಷ್ಟೂ ತಪ್ಪಿಗೆ ಎಡೆ ಕಡಿಮೆ. ಹುದ್ದೆ ಯಾವುದು, ಓದು ಎಷ್ಟು, ಮಾಡಿದ ಕೆಲಸ ಏನು, ಬಲ್ಲ ಭಾಷೆಗಳು ಯಾವುವು, ಎಂದು ಬರಬಲ್ಲೆ ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ಅತಿ ಉದ್ದದ ಭಾಗ ಮಾಡಿದ ಕೆಲಸದ್ದು. ಪತ್ರದ ಜೀವ ಅಲ್ಲಿದೆ. ನಿಜವಾದ ಪತ್ರದಲ್ಲಿ ಕಾಲೇಜಿನ ಮತ್ತು ಪತ್ರಿಕೆಯ ಹೆಸರುಗಳಿದ್ದವು; ಇಲ್ಲಿ ಬಿಟ್ಟಿದ್ದೇನೆ.

ಸಂಬೋಧನೆಯ ವಿಷಯ. "ರೆಸ್ಪೆಕ್ಟೆಡ್ ಸರ್" ಎಂಬುದು ನಮ್ಮ "ಮಾನ್ಯರೆ" ಎಂಬುದರ ಅನುವಾದ. ನಮ್ಮ ದೇಶದಲ್ಲಿ ಅದನ್ನು ಯಾರೂ ತಪ್ಪೆಂದು ಎಸೆಯುವುದಿಲ್ಲ. ಆದರೂ ಇಂಗ್ಲಿಷ್ ಪತ್ರದ ರೂಢಿ "ಡಿಯರ್ ಸರ್" ಎಂಬುದೇ. "ಡಿಯರ್" ಎಂದರೆ ಪ್ರಿಯ ಎಂದು ನಾವು ಸಂಕೋಚಪಡಬೇಕಾಗಿಲ್ಲ. ಪತ್ರದಲ್ಲಿ ಅದಕ್ಕೆ ಸಲಿಗೆಯ ಅರ್ಥವಿಲ್ಲ. ಓದುವವರು ಮಹಿಳೆಯೂ ಆಗಿರಬಹುದಾದುದರಿಂದ "ಆರ್ ಮ್ಯಾಡಮ್" ಸೇರಿಸಬೇಕು. ಹೆಸರು ತಿಳಿಯದಿದ್ದಾಗ ಕೊನೆಗೆ "ಯುವರ್ಸ್ ಫೇತ್‌ಫುಲಿ". ಹೆಸರು ಹಿಡಿದು ಸಂಬೋಧಿಸಿದ್ದರೆ "ಯುವರ್ಸ್ ಸಿನ್ಸಿಯರ್ಲಿ". "ಯುವರ್ಸ್ ಒಬೀಡಿಯಂಟ್ಲಿ", ಎಂದರೆ ತಮ್ಮ ವಿಧೇಯ ಎಂಬುದು ಶಾಲೆಯ ರಜಾ ಚೀಟಿಯೊಡನೆಯೇ ಉಳಿಯಲಿ.

ಈಗ ಇಂಥ ಪತ್ರಗಳು ಹೆಚ್ಚಾಗಿ ಮಿಂಚಂಚೆಯಲ್ಲಿ ಹೋಗುತ್ತವೆ. ಆಗ ಪತ್ರವನ್ನು ಮಿಂಚಂಚೆಯ ಒಡಲಿನಲ್ಲಿಯೇ ಬರೆಯಬೇಕು. ಬರಿದಾದ ಅಂಚೆಗೆ ಕಡತ ಲಗತ್ತಿಸಿ ಕಳಿಸಿದರೆ ತೆರೆಯುವವರು ಕಡಿಮೆ. ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರಿರಲಿ. ಅವಳ ಸ್ವವಿವರದ ಕಡತಕ್ಕೆ `resume_final2.pdf` ಎಂಬ ಹೆಸರಿತ್ತು. ನೂರು ಕಡತಗಳ ನಡುವೆ ಅದು ಯಾರದೆಂದು ತಿಳಿಯುವುದು ಹೇಗೆ? ತನ್ನ ಹೆಸರನ್ನೇ ಕಡತಕ್ಕೆ ಇಡುವಂತೆ ಹೇಳಿದೆ. ಸ್ವವಿವರದಲ್ಲಿ ಅವಳು ಬರಿದೇ ಸೋಲಾಪುರ ವಿದ್ಯಾಪೀಠ ಎಂದು ಬರೆದಿದ್ದಳು. 2004ರಲ್ಲಿ ಸ್ಥಾಪನೆಯಾದ ಆ ವಿದ್ಯಾಪೀಠಕ್ಕೆ 2019ರಿಂದ ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳಕರ ಸೋಲಾಪುರ ವಿದ್ಯಾಪೀಠ ಎಂಬ ಹೆಸರಿದೆ. ಅಂಕಪಟ್ಟಿಯಲ್ಲಿ ಅಚ್ಚಾದ ಹೆಸರೇ ಸ್ವವಿವರದಲ್ಲಿಯೂ ಇರಬೇಕು.

ಕೊನೆಯದಾಗಿ ಒಂದು ಪರೀಕ್ಷೆ ಮಾಡಿಸಿದೆ. ಪತ್ರವನ್ನು ಮಡಿಸಿ ಇಟ್ಟು, ಅದರಲ್ಲಿಯ ಪ್ರತಿಯೊಂದು ವಾಕ್ಯದ ಮೇಲೂ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಕೇಳಿದೆ. ಉತ್ತರಿಸಲು ಬಾರದ ವಾಕ್ಯ ಪತ್ರದಲ್ಲಿ ಇರಕೂಡದು ಎಂಬುದು ನಿಯಮ. ಹಳೆಯ ಪತ್ರದ "ಡೈನಾಮಿಕ್" ಎಂದರೇನೆಂದು ಕೇಳಿದಾಗ ಅವಳು ನಕ್ಕುಬಿಟ್ಟಿದ್ದಳು. ಹೊಸ ಪತ್ರದ ಎಲ್ಲ ಪ್ರಶ್ನೆಗಳಿಗೂ ತಡವರಿಸುತ್ತಲಾದರೂ ಉತ್ತರ ಕೊಟ್ಟಳು, ಏಕೆಂದರೆ ಅದೆಲ್ಲ ಅವಳೇ ಮಾಡಿದ ಕೆಲಸವಾಗಿತ್ತು.

ಆ ಕಾರ್ಖಾನೆಯಿಂದ ಉತ್ತರ ಬರಲಿಲ್ಲ. ಪತ್ರಕ್ಕೆ ಇರುವ ಶಕ್ತಿ ಅಷ್ಟೇ. ಅದು ನೌಕರಿಯನ್ನು ಕೊಡಿಸಲಾರದು, ಬಾಗಿಲಿನವರೆಗೆ ಮಾತ್ರ ಒಯ್ಯಬಲ್ಲದು. ಒಮ್ಮೊಮ್ಮೆ ಅಷ್ಟೂ ಆಗುವುದಿಲ್ಲ. ಮೊದಲ ಸಾಲನ್ನಷ್ಟೇ ಬದಲಿಸಿ ಅದೇ ಪತ್ರವನ್ನು ಇನ್ನೂ ನಾಲ್ಕು ಕಡೆ ಕಳಿಸಿದಳು. ಜುಲೈಯಲ್ಲಿ ಒಂದು ಕಡೆಯಿಂದ ಕರೆ ಬಂತು. ಅಲ್ಲಿಯ ಹಿರಿಯ ಲೆಕ್ಕಿಗರು ಕೇಳಿದ ಮೊದಲ ಪ್ರಶ್ನೆ, ರಿಟರ್ನ್ ಸ್ವತಃ ಸಲ್ಲಿಸಿಲ್ಲವೆಂದು ಬರೆದಿದ್ದೀಯಲ್ಲ, ಹಾಗಾದರೆ ತಾಳೆ ನೋಡುವಾಗ ಏನನ್ನು ನೋಡುತ್ತಿದ್ದಿ ಎಂದು. ಒಮ್ಮೆ ಒಂದೇ ಬಿಲ್ಲು ಎರಡು ಬಾರಿ ಏರಿದ್ದನ್ನು ತಾನು ಹೇಗೆ ಹಿಡಿದೆನೆಂಬುದನ್ನು ಅವಳು ಹೇಳಿದಳಂತೆ, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಮರಾಠಿಯಲ್ಲಿ. ಮೂರು ತಿಂಗಳ ಪರೀಕ್ಷಾವಧಿಯ ಮೇಲೆ ತೆಗೆದುಕೊಂಡರು. ಆ ಅವಧಿ ಮುಗಿದ ಮೇಲೂ ಇರಿಸಿಕೊಂಡಿದ್ದಾರೆ.

2000ದಿಂದ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ. ನಮ್ಮ ಮಕ್ಕಳಿಗೆ ಶಬ್ದಗಳ ಕೊರತೆ ಇಲ್ಲ. ಈಗ ನಮ್ಮ ಶಾಲೆಯಲ್ಲಿ ಪಾಠ ಹೇಳುತ್ತಿರುವ ಗುರುಬಂಧುಗಳಲ್ಲಿ ನನ್ನದೊಂದು ವಿನಂತಿ ಉಂಟು. ರಜಾ ಚೀಟಿಯನ್ನು ಕಲಿಸುವಾಗ "ಬೆಗ್ ಟು ಸ್ಟೇಟ್" ಎಂಬ ಆ ಸಾಲನ್ನು ಬಿಟ್ಟುಬಿಡಿ. "ಐ ಹ್ಯಾವ್ ಎ ಫೀವರ್. ಐ ಕೆನಾಟ್ ಕಮ್ ಟು ಸ್ಕೂಲ್ ಟುಡೇ" ಎಂಬೆರಡು ವಾಕ್ಯಗಳು ಸಾಕು. ನಾನು ಕಲಿಸಿದ್ದನ್ನು ನಾನೇ ಅಳಿಸಬೇಕಾಗಿ ಬಂದ ಆ ಸಂಜೆ ನನಗಿನ್ನೂ ನೆನಪಿದೆ.